ಪಂಪ್ ಇಳಿಸುವ ಮುಂಚೆ ಬೋರ್‌ವೆಲ್ ಇಳುವರಿ ಅಳೆಯಿರಿ

ಬೋರ್ ಕೊರೆದ ದಿನ ಚಿಮ್ಮುವ ನೀರು ನೋಡಿ ಪಂಪ್ ತರಬೇಡಿ. ಅದು ಕಂಪ್ರೆಸರ್ ಗಾಳಿ ದೂಡಿದ ನೀರು, ಅಂದಾಜಿಗಷ್ಟೇ ಸಾಕು. ಬಾಡಿಗೆ ಪಂಪ್ ಇಳಿಸಿ, ನಾಲ್ಕೈದು ಗಂಟೆ ನಿಲ್ಲಿಸದೆ ಓಡಿಸಿ.

ಬೋರ್ 300 ಅಡಿ, ನೀರು 80 ಅಡಿಯಲ್ಲಿ ನಿಂತಿದೆ ಅಂದುಕೊಳ್ಳಿ. ಮೊದಲು 20 ಲೀಟರ್ ಬಕೆಟ್ 20 ಸೆಕೆಂಡಿಗೆ ತುಂಬುತ್ತದೆ. ಖುಷಿಪಡಬೇಡಿ, ಅದು ಕೊಳವೆಯಲ್ಲಿ ಮೊದಲೇ ನಿಂತಿದ್ದ ನೀರು. ಮೂರು ಗಂಟೆ ಆದಮೇಲೆ 40 ಸೆಕೆಂಡಿಗೆ ಬಂದು ನಿಂತರೆ ನಿಜವಾದ ಇಳುವರಿ ನಿಮಿಷಕ್ಕೆ 30 ಲೀಟರ್, ಗಂಟೆಗೆ 1800. ಆಗ ಮಟ್ಟವೂ ಇಳಿದು 160 ಅಡಿಯಲ್ಲಿ ನಿಂತಿದ್ದರೆ ಪಂಪನ್ನು 220 ಅಡಿಯ ಆಸುಪಾಸಿನಲ್ಲಿ ಕೂರಿಸಿ. ಬೇಸಿಗೆಯ ಇಳಿತಕ್ಕೂ ಜಾಗ ಉಳಿಯುತ್ತದೆ. ತೀರಾ ತಳಕ್ಕೆ ಬಿಟ್ಟರೆ ಹೂಳು ಎಳೆದು ಪಂಪ್ ಹಾಳಾಗುತ್ತದೆ. ಇಳುವರಿಗಿಂತ ಜಾಸ್ತಿ ಎಳೆಯುವ ಪಂಪೂ ಬೇಡ, ನೀರಿಲ್ಲದೆ ಓಡಿ ಸುಟ್ಟುಹೋಗುತ್ತದೆ.

ಟೆಸ್ಟ್ ಮುಗಿಯುವ ಹೊತ್ತಿಗೂ ನೀರು ಕೆಂಪಗೇ ಬರುತ್ತಿದ್ದರೆ ಬೋರ್‌ನ ಮೇಲ್ಭಾಗಕ್ಕೆ ಇಳಿಸಿದ ಕೇಸಿಂಗ್ ಪೈಪ್ ಮೇಲೆ ಅನುಮಾನ ಪಡಿ. ಅದು ಗಟ್ಟಿ ಬಂಡೆಯೊಳಗೆ ಕೂತಿರಬೇಕು. ಒಂದೆರಡು ಪೈಪ್ ಉಳಿಸಲು ಹೋಗಿ ಮೇಲಿನ ಮಣ್ಣು ಒಳಗೆ ಕುಸಿಯುವುದುಂಟು.

ಬೋರ್‌ಗೆ ಮಳೆನೀರು ಇಂಗಿಸುವುದಾದರೆ ಚಾವಣಿ ನೀರನ್ನು ನೇರ ಅದರೊಳಗೆ ಬಿಡಬೇಡಿ. ಪಕ್ಕದಲ್ಲಿ ಕಲ್ಲು, ಜಲ್ಲಿ, ಮರಳಿನ ಇಂಗುಗುಂಡಿ ಮಾಡಿ, ಮೊದಲ ಮಳೆಯ ಕೊಳೆನೀರನ್ನು ಹೊರಗೆ ಬಿಡಿ. ಮಳೆಗಾಲಕ್ಕೆ ಮುಂಚೆ ಮೇಲಿನ ಮರಳನ್ನು ತೊಳೆದು ಹಾಕಿ.