ಅಟ್ಟಕ್ಕೆ ಮಡಚುವ ಏಣಿ ಹಾಕಿಸಿದ್ದು: ಜಂತೆ ಕೊಯ್ದ ಕಥೆ, ಕಾಲು ಕೊಯ್ದ ಕಥೆ

ನಮ್ಮದು ಶಿರಸಿ ಕಡೆಯ ಹಳೆ ಹೆಂಚಿನ ಮನೆ. ಅಡುಗೆಮನೆಗೂ ಬಚ್ಚಲಿಗೂ ನಡುವೆ 4 ಅಡಿ ಅಗಲದ ಒಂದು ಓಣಿ ಇದೆ, ಅದರ ಮೇಲೆ ಹಲಗೆಯ ಅಟ್ಟ. ಮದುವೆ-ಮುಂಜಿಯ ದೊಡ್ಡ ಪಾತ್ರೆ, ಹಳೆ ಹಂಡೆ, ಖಾಲಿ ಅಡಿಕೆ ಚೀಲ ಎಲ್ಲ ಅಲ್ಲಿ. ಹತ್ತೋದು ಬಿದಿರಿನ ಏಣಿ ಒರಗಿಸಿ. ಹೋದ ವರ್ಷ ಅಮ್ಮ ಒಂದು ಪಾತ್ರೆ ಹಿಡಿದು ಇಳಿಯುವಾಗ ಏಣಿ ಸಿಮೆಂಟ್ ನೆಲದ ಮೇಲೆ ಜಾರಿತು. ಅವರಿಗೆ ಏನೂ ಆಗಲಿಲ್ಲ, ಪಾತ್ರೆ ಮಾತ್ರ ಚಪ್ಪಟೆ. ಅವತ್ತೇ ಎಳೆದರೆ ಇಳಿಯುವ, ಮಡಚಿದರೆ ಮುಚ್ಚಳದೊಳಗೆ ಸೇರುವ ಏಣಿ ತರಿಸೋಣ ಅಂತ ತೀರ್ಮಾನ ಮಾಡಿದೆ.

ಇದು ಬರೋದು ಒಂದೇ ಸೆಟ್ಟಾಗಿ. ಮರದ ಚೌಕಟ್ಟು, ಅದಕ್ಕೆ ಕೀಲಿನಲ್ಲಿ ಕೂತ ಮುಚ್ಚಳ, ಎರಡು ಕಡೆ ಸ್ಪ್ರಿಂಗ್, ಮುಚ್ಚಳದ ಮೇಲೆ ಮೂರು ತುಂಡಾಗಿ ಮಡಚಿದ ಏಣಿ, ಕೆಳಗಿನಿಂದ ತೆಗೆಯೋಕೆ ಕೊಕ್ಕೆಯ ಕೋಲು. ಕೊಳ್ಳುವ ಮೊದಲು ನಾನು ನೋಡಿದ್ದು ಬರೀ ಎತ್ತರ. ನೆಲದಿಂದ ಅಟ್ಟದ ತಳದವರೆಗೆ 251 ಸೆಂ.ಮೀ., ಏಣಿ 280ರವರೆಗೆ ಆಗುತ್ತೆ ಅಂತ ಬರೆದಿತ್ತು. ಸರಿ ಅಂದುಕೊಂಡೆ. ಆರ್ಡರ್ ಮಾಡುವ ಹಿಂದಿನ ದಿನ ನಮ್ಮ ಆಚಾರ್ರು ಬಂದು, "ಜಂತೆ ಎಷ್ಟೆಷ್ಟು ದೂರಕ್ಕಿದೆ ಅಂತ ನೋಡಿದ್ರಾ?" ಅಂತ ಕೇಳಿದರು. ನೋಡಿರಲಿಲ್ಲ.

ನೋಡಿದರೆ 3 ಇಂಚು ದಪ್ಪದ ಜಂತೆಗಳು ಓಣಿಗೆ ಅಡ್ಡಲಾಗಿ, ಎರಡರ ನಡುವೆ 21 ಇಂಚು ಜಾಗ ಬಿಟ್ಟು ಕೂತಿವೆ. ಏಣಿ ಬಿಚ್ಚಿಕೊಳ್ಳೋದು ಓಣಿಯ ಉದ್ದಕ್ಕೇ ಆಗಬೇಕು, ಅಡ್ಡಕ್ಕೆ ಜಾಗ ಎಲ್ಲಿದೆ? ಹಾಗಾಗಿ ಚೌಕಟ್ಟಿನ ಉದ್ದದ ಬದಿಗೆ ಜಂತೆ ಅಡ್ಡ ಬರುತ್ತೆ. ನಾನು ಆರಿಸಿದ್ದು 60×120 ಸೆಂ.ಮೀ. ಚೌಕಟ್ಟು, ಅದಕ್ಕೆ ಎರಡು ಜಂತೆ ಕೊಯ್ಯಬೇಕಿತ್ತು. ಆಚಾರ್ರು ಲೆಕ್ಕ ಹಾಕಿದರು: ಒಂದೇ ಜಂತೆ ಕೊಯ್ದರೆ 21, 3, 21 ಸೇರಿ 45 ಇಂಚು, ಅಂದರೆ 114 ಸೆಂ.ಮೀ. ಸಿಗುತ್ತೆ. ಹುಡುಕಿದಾಗ 60×111ರ ಚೌಕಟ್ಟೂ ಇತ್ತು. 9 ಸೆಂ.ಮೀ. ಚಿಕ್ಕದು ತಗೊಂಡು ಒಂದು ಜಂತೆ ಉಳಿಸಿದೆವು. ನೀವೂ ಮೊದಲು ಜಂತೆ ಅಳೆಯಿರಿ, ಆಮೇಲೆ ಏಣಿ ನೋಡಿ.

(ಪೇಟೆಯ ಮನೆಗಳಲ್ಲಿ ಇರುವ ಕಾಂಕ್ರೀಟ್ ಲಾಫ್ಟ್‌ಗೆ ಈ ಥರ ತೂತು ಕೊರೆಯೋಕೆ ಹೋಗಬೇಡಿ. ಒಳಗಿನ ಕಬ್ಬಿಣ ಕತ್ತರಿಸಿದರೆ ಸ್ಲ್ಯಾಬ್‌ನ ಬಲವೇ ಹೋಗುತ್ತೆ. ಅಲ್ಲಿ ಮುಂದಿನ ಬಾಯಿಗೆ ಕೊಕ್ಕೆ ಹಾಕಿ ನಿಲ್ಲಿಸುವ ಮಡಚುವ ಏಣಿಯೇ ಸಾಕು.)

ಕೊಯ್ಯುವ ಮೊದಲು ಆ ಜಂತೆಗೆ ಎರಡೂ ಗೋಡೆಯ ಹತ್ತಿರ ಒಂದೊಂದು ಅಡಿಕೆ ಮರದ ಕಂಬ ಆಧಾರ ಕೊಟ್ಟೆವು. ಅಟ್ಟದ ಸಾಮಾನೆಲ್ಲ ಇಳಿಸಿದ್ದೆವು. ಕೊಯ್ದ ಮೇಲೆ ಎರಡು ತುಂಡು ಗೋಡೆಯಿಂದ ಸುಮಾರು ಒಂದೊಂದು ಅಡಿ ಚಾಚಿಕೊಂಡು ನಿಂತವು. ಅವುಗಳ ತುದಿಗೆ, ಆಚೆ ಈಚೆಯ ಉಳಿದ ಜಂತೆಗಳ ನಡುವೆ, ಅಷ್ಟೇ ದಪ್ಪದ ಎರಡು ಅಡ್ಡಮರ ಕೂರಿಸಿದರು. ಮೊಳೆ ಹೊಡೆದು ಬಿಡಲಿಲ್ಲ. ಕಚ್ಚು ಕೊರೆದು ಕೂರಿಸಿ, ಮೇಲಿಂದ ಕಬ್ಬಿಣದ ಎಲ್ ಪಟ್ಟಿ, ಬೋಲ್ಟ್. ಕೊಯ್ದ ಜಂತೆಯ ಭಾರ ಕಡೆಗೆ ಬರೋದು ಈ ಮರಗಳಿಗೇ.

ಚೌಕಟ್ಟು ಎತ್ತೋಕೆ ಮೂರು ಜನ ಬೇಕಾಯ್ತು. ತೂತಿನ ಎರಡೂ ತುದಿಗೆ ಕೆಳಗಿಂದ ತಾತ್ಕಾಲಿಕವಾಗಿ ಪಟ್ಟಿ ಹೊಡೆದಿದ್ದರಿಂದ ಅದರ ಮೇಲೆ ಕೂತು ನಿಂತಿತು. ಆಮೇಲೆ ಮೂಲೆಯಿಂದ ಮೂಲೆಗೆ ಎರಡೂ ಕಡೆ ಟೇಪ್ ಹಿಡಿದೆವು, 6 ಮಿ.ಮೀ. ವ್ಯತ್ಯಾಸ ಬಂತು. ಅದನ್ನು ಸರಿ ಮಾಡದೆ ಬಿಗಿದರೆ ಮುಚ್ಚಳ ಒಂದು ಮೂಲೆಯಲ್ಲಿ ಉಜ್ಜುತ್ತೆ. ಸಂದಿಗೆ ಮರದ ಚಕ್ಕೆ ತೂರಿಸಿ, ಎರಡೂ ಅಳತೆ ಒಂದೇ ಬಂದ ಮೇಲೆ ಸ್ಕ್ರೂ ಹಾಕಿದ್ದು. ಕೀಲಿನ ಹತ್ತಿರ, ಸ್ಪ್ರಿಂಗ್ ತೋಳಿನ ಹತ್ತಿರ ಚಕ್ಕೆ ಖಾಲಿ ಬಿಡಬಾರದು, ಜಗ್ಗೋದು ಅಲ್ಲೇ. ಸ್ಕ್ರೂ ಬಗ್ಗೆ ಒಂದು ಮಾತು: ಅಂಗಡಿಯಲ್ಲಿ ಕಪ್ಪು ಜಿಪ್ಸಮ್ ಸ್ಕ್ರೂ ಕೊಡ್ತಾರೆ, ಅಗ್ಗ. ಅದು ಪೆಡಸು, ಅಡ್ಡ ಭಾರ ಬಿದ್ದರೆ ಪಟಕ್ಕನೆ ಮುರಿಯುತ್ತೆ. ನಾವು ಸ್ಪ್ಯಾನರ್‌ನಲ್ಲಿ ಬಿಗಿಯುವ ದಪ್ಪ ಸ್ಕ್ರೂ ಹಾಕಿದೆವು.

ಇಷ್ಟೆಲ್ಲ ಆಚಾರ್ರ ಕೆಲಸ. ಏಣಿಯ ಕಾಲು ಕೊಯ್ಯೋದು ಮಾತ್ರ ನಾನೇ ಮಾಡ್ತೀನಿ ಅಂದೆ, ಎಡವಟ್ಟಾಗಿದ್ದೂ ಅಲ್ಲೇ.

ಏಣಿ ಬೇಕಾದ್ದಕ್ಕಿಂತ ಉದ್ದ ಬಂದಿರುತ್ತೆ, ಮೂರನೇ ತುಂಡನ್ನು ನಮ್ಮ ನೆಲಕ್ಕೆ ತಕ್ಕಂತೆ ಕೊಯ್ಯಬೇಕು. ಮೇಲಿನ ಎರಡು ತುಂಡು ನೇರ ಮಾಡಿ, ಮೂರನೇದನ್ನು ಮಡಚೇ ಇಟ್ಟು, ಎರಡನೇ ತುಂಡಿನ ತುದಿಯಿಂದ ಅದೇ ಓರೆಯಲ್ಲಿ ನೆಲದವರೆಗೆ ಅಳೆಯೋದು. ಏಣಿ ಓರೆ ನಿಲ್ಲೋದರಿಂದ ಪ್ರತಿ ಕಾಲಿಗೂ ಎರಡು ಅಳತೆ: ಹತ್ತುವವರ ಕಡೆಯ ಅಂಚು ಉದ್ದ, ಹಿಂದಿನ ಅಂಚು ಗಿಡ್ಡ. ನಮಗೆ 3 ಸೆಂ.ಮೀ. ಚಿಲ್ಲರೆ ವ್ಯತ್ಯಾಸ ಬಂತು. ಜೊತೆಗೆ ಓಣಿಯ ನೆಲ ಬಚ್ಚಲಿಗೆ ನೀರು ಹರಿಯಲಿ ಅಂತ ಇಳಿಜಾರಾಗಿದೆ, ಹಾಗಾಗಿ ಬಲಗಾಲು ಎಡಗಾಲಿಗಿಂತ 1 ಸೆಂ.ಮೀ. ಉದ್ದ ಇರಬೇಕಿತ್ತು. ಹಳೆ ಮನೆಯಲ್ಲಿ ಎರಡು ಕಾಲನ್ನೂ ಬೇರೆ ಬೇರೆ ಅಳೆಯಲೇಬೇಕು.

ಇಷ್ಟೆಲ್ಲ ಸರಿಯಾಗಿ ಮಾಡಿದೆ, ಒಂದು ಮರೆತೆ. ಸ್ಪ್ರಿಂಗ್ ಮುಚ್ಚಳವನ್ನು ಮೇಲಕ್ಕೆ ಜಗ್ಗುತ್ತಲೇ ಇರುತ್ತೆ. ಯಾರಾದರೂ ಹಿಡಿದು ಪೂರ್ತಿ ಕೆಳಗೆ ಒತ್ತದಿದ್ದರೆ ಅದು ಸ್ವಲ್ಪ ಮೇಲೇ ನಿಂತಿರುತ್ತೆ. ನಾನು ಒಬ್ಬನೇ ಅಳೆದೆ, ಕೊಯ್ದೆ. ಬಿಚ್ಚಿ ನಿಲ್ಲಿಸಿ ಹತ್ತಿದರೆ ಎರಡನೇ-ಮೂರನೇ ತುಂಡಿನ ಸಂದಿನಲ್ಲಿ ಒಂದು ಕಡೆ ಬಾಯಿ ಬಿಟ್ಟುಕೊಂಡಿತ್ತು, ಏಣಿ ಮಂಡಿ ಬಾಗಿಸಿದ ಹಾಗೆ. ಕಾಲು ಉದ್ದ ಆಯ್ತು ಅನ್ನೋದಕ್ಕೆ ಅದೇ ಗುರುತು. ಭಾರವನ್ನು ಮರಕ್ಕೆ ಮರ ಕೂತು ಹೊರಬೇಕು, ಸಂದು ಬಿಟ್ಟರೆ ಅಷ್ಟೂ ಕೀಲಿನ ರಿವೆಟ್ ಮೇಲೆ ಬೀಳುತ್ತೆ. ಪುಣ್ಯಕ್ಕೆ ಉದ್ದವೇ ಆಗಿತ್ತು. ಗಿಡ್ಡ ಆಗಿದ್ದರೆ ಕಾಲು ಗಾಳಿಯಲ್ಲಿ ನೇತಾಡಿ, ಹತ್ತಿದಾಗೆಲ್ಲ ಮೇಲಿನ ತೋಳುಗಳು ಭಾರ ಹೊತ್ತು ಸಡಿಲ ಆಗ್ತಿದ್ದವು, ಅದಕ್ಕೆ ಮದ್ದಿಲ್ಲ.

ತಮ್ಮನನ್ನು ಕರೆದೆ, ಅವನು ಮುಚ್ಚಳ ಒತ್ತಿ ಹಿಡಿದ, ಮತ್ತೆ ಅಳೆದೆ. ಇನ್ನೂ 18 ಮಿ.ಮೀ. ಹೋಗಬೇಕಿತ್ತು. ಒಂದೇ ಸಲ ಕೊಯ್ಯಲಿಲ್ಲ, ಮೊದಲು 13, ನೋಡಿ ಆಮೇಲೆ ಉಳಿದ 5. ಇದರ ನಡುವೆ ಇನ್ನೊಂದು ಅವಾಂತರ: ಕೊಯ್ಯೋಕೆ ಅಂತ ಮೂರನೇ ತುಂಡು ಬಿಚ್ಚಿದ ಕೂಡಲೇ ಭಾರ ಕಡಿಮೆಯಾಗಿ ಮುಚ್ಚಳ ಧಡ್ ಅಂತ ಮೇಲೆ ಹೋಯ್ತು, ತಮ್ಮನ ಗಲ್ಲ ಸ್ವಲ್ಪದರಲ್ಲಿ ಉಳಿಯಿತು. ತುಂಡು ಬಿಚ್ಚುವ ಮೊದಲು ಮುಚ್ಚಳವನ್ನು ಹಗ್ಗದಲ್ಲಿ ಕೆಳಗೆ ಕಟ್ಟಿ.

ಕೊನೆಗೆ ಕಾಗದದ ಪರೀಕ್ಷೆ. ನಾನು ಮೂರನೇ ಮೆಟ್ಟಿಲ ಮೇಲೆ ನಿಂತೆ, ತಮ್ಮ ಪ್ರತಿ ಸಂದಿಗೂ, ಎರಡೂ ಕಾಲಿನ ಅಡಿಗೂ ಹಳೆ ಕ್ಯಾಲೆಂಡರ್ ಹಾಳೆ ತೂರಿಸಿ ನೋಡಿದ. ಎಲ್ಲೂ ಒಳಗೆ ಹೋಗಲಿಲ್ಲ. ಅಡಿಗೆ ರಬ್ಬರ್ ಮೆಟ್ಟು ಹಾಕೋದಿದ್ದರೆ ಅದರ ದಪ್ಪವನ್ನೂ ಅಳತೆಯಲ್ಲಿ ಕಳೆಯಬೇಕು. ನಮ್ಮದು 4 ಮಿ.ಮೀ. ಇತ್ತು, ಕಳೆದಿದ್ದೆ.

ಜುಲೈ ಮಳೆಗೆ ಮುಚ್ಚಳ ಉಬ್ಬಿ ಕೊಕ್ಕೆ ಹಾಕಿ ಎಳೆದರೂ ಬರಲಿಲ್ಲ. ತಕ್ಷಣ ಕೀಸುಳಿ ಹಾಕೋಣ ಅಂದೆ. ಆಚಾರ್ರು ಬೇಡ ಅಂದರು, ಬೇಸಿಗೆಯಲ್ಲಿ ಸಂದು ಬಿಟ್ಟು ಇಲಿ ಬರುತ್ತೆ ಅಂತ. ಅಂಚಿಗೆ ಬಣ್ಣ ಹೊಡೆದಿರಲೇ ಇಲ್ಲ, ಅಲ್ಲಿಂದ ತೇವ ಎಳೆದಿತ್ತು. ದೀಪಾವಳಿ ಹೊತ್ತಿಗೆ ಒಣಗಿ ತಾನೇ ಸರಿಯಾಯ್ತು, ಆಗ ನಾಲ್ಕೂ ಅಂಚಿಗೆ ಎರಡು ಕೋಟ್ ವಾರ್ನಿಷ್ ಕೊಟ್ಟೆ. ಬಿದಿರಿನ ಏಣಿ ಈಗ ಮೆಣಸು ಕೊಯ್ಯೋಕೆ ತೋಟದಲ್ಲಿದೆ.