ಕ್ವಾರ್ಟರ್ಸ್ ಅದೇ, ಪಗಾರ ಬೇರೆ: ಮನೆಯ ಮೌಲ್ಯ ನಾನು ಲೆಕ್ಕ ಹಾಕಿದ್ದು ಹೀಗೆ

ಸೇಡಂ ಕಡೆಯ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ಪಗಾರದ ಲೆಕ್ಕ ನೋಡಿಕೊಳ್ಳುತ್ತೇನೆ. ಕಂಪನಿಯ ಸ್ವಂತ ಕಾಲೋನಿ ಇದೆ. ಅಲ್ಲಿ ಬಾಡಿಗೆ ಇಲ್ಲದೆ ಇರುವವರ ಸಂಬಳಕ್ಕೆ ಮನೆಯ ಮೌಲ್ಯ ಸೇರಿಸಿ ಟಿಡಿಎಸ್ ಹಿಡಿಯಬೇಕು.

ಕಳೆದ ವರ್ಷ ಬಡ್ತಿ ಸಿಕ್ಕ ಎಂಜಿನಿಯರ್ ಒಬ್ಬರು ಬಂದು ಕೇಳಿದರು: "ಮನಿ ಅದೇ ಅದ. ನನ್ನ ಪಗಾರ ಹೆಚ್ಚಾದ್ರ ಮನಿ ಬೆಲಿನೂ ಹೆಚ್ಚಾಗ್ತದೇನ್ರೀ?" ನ್ಯಾಯವಾದ ಪ್ರಶ್ನೆ. ಹೆಚ್ಚಾಗುತ್ತದೆ, ಆದರೆ ಅದಕ್ಕೊಂದು ಮಿತಿ ಇದೆ.

2023ರ ಸೆಪ್ಟೆಂಬರ್‌ನಿಂದ ಬಂದ ದರದ ಪ್ರಕಾರ, 2011ರ ಜನಗಣತಿಯಲ್ಲಿ 15 ಲಕ್ಷ ದಾಟದ ಊರುಗಳಲ್ಲಿ ಕಂಪನಿಯ ಸ್ವಂತ ಮನೆಗೆ ಸಂಬಳದ 5% ಹಿಡಿಯಬೇಕು. ಕಲಬುರಗಿ ನಗರವೇ ಆ ಲೆಕ್ಕದಲ್ಲಿ ಐದು ಲಕ್ಷದ ಆಸುಪಾಸು, ಇನ್ನು ಸೇಡಂ ಮಾತೇಕೆ! ಇಲ್ಲಿ ಸಂಬಳ ಅಂದರೆ ಬೇಸಿಕ್ ಒಂದೇ ಅಲ್ಲ. ಬೋನಸ್, ತೆರಿಗೆ ಬೀಳುವ ಭತ್ಯೆಗಳು, ನಿವೃತ್ತಿ ಸೌಲಭ್ಯಕ್ಕೆ ಲೆಕ್ಕವಾಗುವ ಡಿಎ ಎಲ್ಲ ಸೇರುತ್ತವೆ. ಕಂಪನಿ ಕಟ್ಟುವ ಪಿಎಫ್ ಸೇರುವುದಿಲ್ಲ.

ಆ ಎಂಜಿನಿಯರ್‌ಗೆ ಮನೆ ಕೊಟ್ಟಿದ್ದು 2024ರ ಏಪ್ರಿಲ್‌ನಲ್ಲಿ. ಆ ವರ್ಷ ಇಂಥ ಸಂಬಳ 9,60,000. ಅದರ 5% ಅಂದರೆ 48,000. ಮರುವರ್ಷ ಬಡ್ತಿಯಿಂದ ಸಂಬಳ 12,00,000 ಆಯಿತು. ನಮ್ಮ ಸಾಫ್ಟ್‌ವೇರ್ ನೇರವಾಗಿ 5% ಹಾಕಿ 60,000 ತೋರಿಸಿತು.

ಅಲ್ಲಿಗೇ ಬಿಡುವಂತಿಲ್ಲ. ಅದೇ ಮನೆಯಲ್ಲಿ ಅದೇ ನೌಕರ ಮುಂದುವರಿದರೆ, ಮೊದಲ ವರ್ಷದ ಮೌಲ್ಯವನ್ನು ಬೆಲೆಯೇರಿಕೆ ಸೂಚ್ಯಂಕದಷ್ಟು ಮಾತ್ರ ಏರಿಸಬಹುದು. ಬಂಡವಾಳ ಲಾಭದ ತೆರಿಗೆಗೆ ಬಳಸುವ ಸೂಚ್ಯಂಕವೇ ಇದು. 2024-25ಕ್ಕೆ 363, 2025-26ಕ್ಕೆ 376.

```
48,000 × 376 ÷ 363 = 49,719
```

60,000 ಮತ್ತು 49,719, ಇವೆರಡರಲ್ಲಿ ಕಡಿಮೆಯದನ್ನೇ ತೆಗೆದುಕೊಳ್ಳಬೇಕು. ಹಾಗಾಗಿ ಅವರ ಸಂಬಳಕ್ಕೆ ಸೇರಿದ್ದು 49,719. 10,281 ರೂಪಾಯಿ ತೆರಿಗೆ ಲೆಕ್ಕದಿಂದ ಹೊರಗುಳಿಯಿತು. ಫಾರಂ 12ಬಿಎಯಲ್ಲೂ ಅದನ್ನೇ ತೋರಿಸಿದೆ.

ಎಲ್ಲರಿಗೂ ಇದು ಕೆಲಸಕ್ಕೆ ಬರುವುದಿಲ್ಲ ಅನ್ನಿ. ಆ ವರ್ಷ ಸೂಚ್ಯಂಕ ಏರಿದ್ದು ಸುಮಾರು 3.6% ಅಷ್ಟೇ. ಸಂಬಳ ಅದಕ್ಕಿಂತ ಕಡಿಮೆ ಏರಿದವರಿಗೆ ನೇರ 5% ಲೆಕ್ಕವೇ ಕಡಿಮೆ ಬರುತ್ತದೆ. ಬಡ್ತಿಯೋ ದೊಡ್ಡ ಇನ್‌ಕ್ರಿಮೆಂಟೋ ಸಿಕ್ಕವರಿಗೇ ಇದರ ಲಾಭ ಜಾಸ್ತಿ.

ಇದಕ್ಕೆಂದೇ ಒಂದು ಶೀಟ್ ಇಟ್ಟಿದ್ದೇನೆ. ನೌಕರನ ನಂಬರ್, ಕ್ವಾರ್ಟರ್ಸ್ ನಂಬರ್, ಮೊದಲ ವರ್ಷ, ಆ ವರ್ಷದ ಮೌಲ್ಯ. ಮುಖ್ಯವಾದದ್ದು ಕ್ವಾರ್ಟರ್ಸ್ ನಂಬರೇ. ಬಡ್ತಿ ಸಿಕ್ಕವರು ದೊಡ್ಡ ಮನೆಗೆ ಹೋದರೆ ಅದು ಬೇರೆ ಮನೆ, ಹಳೆಯ ಮಿತಿ ಅಲ್ಲಿಗೇ ಮುಗಿಯಿತು. ಹತ್ತಾರು ವರ್ಷಗಳಿಂದ ಒಂದೇ ಮನೆಯಲ್ಲಿರುವ ಹಳಬರಿಗೆ 2023-24ನ್ನೇ ಮೊದಲ ವರ್ಷ ಅಂತ ಹಿಡಿಯಬೇಕು. ಅವರ ಸಾಲುಗಳನ್ನು ಶೀಟಿನಲ್ಲಿ ಬೇರೆಯಾಗಿಯೇ ಬರೆದಿದ್ದೇನೆ. ಆ ವರ್ಷದ ನಡುವೆಯೇ ದರ ಬದಲಾದ್ದರಿಂದ, ಮೊದಲ ಐದು ತಿಂಗಳಿಗೆ ಹಳೆಯ ದರದ ಲೆಕ್ಕ ಇತ್ತಲ್ವಾ!