ಗುಳ್ಳೆ ಒಣಗಿದ ಮೇಲೂ ಡಯಾಪರ್ ಕಡೆ ಗಮನವಿರಲಿ

ಮಗಳಿಗೆ ಆಗ ಒಂದು ವರ್ಷ ಹತ್ತು ತಿಂಗಳು, ತೂಕ 11 ಕೆಜಿ. ಸೋಮವಾರ ಸಂಜೆ ಜ್ವರ ಬಂತು, 101 ಡಿಗ್ರಿ. ರಾತ್ರಿಯೆಲ್ಲ ಜೊಲ್ಲು. ದವಡೆ ಹಲ್ಲು ಬರುತ್ತಿರಬೇಕು ಅಂದುಕೊಂಡು ಸುಮ್ಮನಾದೆ. ಬುಧವಾರ ಬಟ್ಟೆ ಬದಲಿಸುವಾಗ ನೋಡಿದರೆ ಅಂಗೈ, ಅಂಗಾಲಲ್ಲಿ ಕೆಂಪು ಚುಕ್ಕೆ, ಕುಂಡೆಯ ಮೇಲೆ ಸಣ್ಣ ಗುಳ್ಳೆಗಳು.

"ಅಮ್ಮ ಬಂದಿರಬೇಕು" ಅಂದರು ಅತ್ತೆ. ಡಾಕ್ಟರು ಟಾರ್ಚ್ ಹಿಡಿದು ಬಾಯಿ ನೋಡಿದರು. ನಾಲಿಗೆಯ ಮೇಲೂ ಗಂಟಲ ಹತ್ತಿರವೂ ಹುಣ್ಣು. ಎದೆ, ಹೊಟ್ಟೆ, ಬೆನ್ನು ಖಾಲಿ. ಚಿಕನ್ ಪಾಕ್ಸ್ ಆಗಿದ್ದರೆ ಅಲ್ಲೇ ಜಾಸ್ತಿ ಇರುತ್ತಿತ್ತಂತೆ. ಇದು ಹ್ಯಾಂಡ್ ಫುಟ್ ಮೌತ್ ಎಂದರು. ಹೆಸರು ಕೇಳಿ ಅತ್ತೆಗೆ ಮತ್ತೊಂದು ಗಾಬರಿ: "ಹಸುಗಳಿಗೆ ಬರೋ ಕಾಲುಬಾಯಿ ಜ್ವರ ಅಲ್ವೇನಮ್ಮಾ?" ಅಲ್ಲ. ಅದರ ವೈರಸ್ಸೇ ಬೇರೆ. ಇದು ಮಕ್ಕಳಿಂದ ಮಕ್ಕಳಿಗೆ ಹರಡುವುದು, ಹೆಚ್ಚಾಗಿ ಕಾಕ್ಸಾಕಿ ಎಂಬ ಗುಂಪಿನ ವೈರಸ್‌ಗಳಿಂದ. 2022ರಲ್ಲಿ ಕೇರಳದಿಂದ ಸುದ್ದಿಯಾದ 'ಟೊಮ್ಯಾಟೊ ಜ್ವರ' ಕೂಡ ಇದೇ ಎಂದು ಆಮೇಲೆ ತಿಳಿಯಿತು.

ಇದಕ್ಕೆ ಆ್ಯಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ. ಅವರು ಬರೆದದ್ದು ಪ್ಯಾರಾಸಿಟಮಾಲ್ ಸಿರಪ್ ಮಾತ್ರ. 5 ಎಂಎಲ್‌ಗೆ 120 ಮಿಗ್ರಾಂ ಇರುವ ಸಿರಪ್ಪು, ಅವಳ ತೂಕಕ್ಕೆ 6 ಎಂಎಲ್, ಆರು ಗಂಟೆಗೊಮ್ಮೆ, ಬೇಕಿದ್ದರೆ ಮಾತ್ರ. ಬಾಟಲಿ ಮೇಲಿನ ನಂಬರ್ ನೋಡಿಯೇ ಕೊಡಿ. ಅದೇ ಔಷಧ 5 ಎಂಎಲ್‌ಗೆ 250 ಮಿಗ್ರಾಂ ಇರುವುದೂ ಸಿಗುತ್ತದೆ. ಅದನ್ನು 6 ಎಂಎಲ್ ಕೊಟ್ಟರೆ ಎರಡರಷ್ಟಾಗಿಬಿಡುತ್ತದೆ.

ನಿಜವಾದ ಕಷ್ಟ ಜ್ವರದ್ದಲ್ಲ, ನೀರಿನದ್ದು. ನುಂಗಿದರೆ ಉರಿ, ಅದಕ್ಕೇ ಮಗು ಏನೂ ಕುಡಿಯುವುದಿಲ್ಲ. ನಾನು ಮೊದಲು ಮೂಸಂಬಿ ರಸ ಕೊಟ್ಟು ತಪ್ಪು ಮಾಡಿದೆ, ಚೀರಿ ಲೋಟ ತಳ್ಳಿದಳು. ಹುಳಿ, ಉಪ್ಪು, ಖಾರ, ಬಿಸಿ ಯಾವುದೂ ಬೇಡ. ಆಮೇಲೆ ಒಂದು ಉಪಾಯ ಸಿಕ್ಕಿತು. ಸಿರಪ್ ಕೊಟ್ಟು ಅರ್ಧ ಗಂಟೆ ಕಾದು, ನೋವು ಇಳಿದಾಗ ತಿನ್ನಿಸುವುದು. ಫ್ರಿಜ್ಜಿನಲ್ಲಿಟ್ಟ ಹುಳಿಯಿಲ್ಲದ ಮೊಸರಿನ ಅನ್ನ, ತಣ್ಣನೆ ರಾಗಿ ಗಂಜಿ, ಎಳನೀರು ನಡೆದವು. ಬಾಟಲಿಯ ನಿಪ್ಪಲ್ ಹುಣ್ಣಿಗೆ ತಾಗುತ್ತದೆ, ಅದಕ್ಕೇ ಚಮಚದಲ್ಲಿ ಎರಡೆರಡು ನಿಮಿಷಕ್ಕೆ ಒಂದೊಂದು ಗುಟುಕು. ಮರಗಟ್ಟಿಸುವ ಬಾಯಿ ಜೆಲ್ ಈ ವಯಸ್ಸಿಗೆ ಬೇಡವೆಂದು ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು.

ಎಂಟು ಗಂಟೆಯಾದರೂ ಡಯಾಪರ್ ಒಣಗಿಯೇ ಇದ್ದರೆ, ಅಳುವಾಗ ಕಣ್ಣೀರು ಬಾರದಿದ್ದರೆ, ಜ್ವರ ಮೂರು ದಿನ ದಾಟಿದರೆ ಕರೆದುಕೊಂಡು ಬನ್ನಿ ಎಂದಿದ್ದರು. ನಿದ್ದೆಯಲ್ಲಿ ಮತ್ತೆ ಮತ್ತೆ ಬೆಚ್ಚಿಬಿದ್ದರೆ, ನಡಿಗೆ ತೂರಾಡಿದರೆ, ವಾಂತಿ ನಿಲ್ಲದಿದ್ದರೆ, ಎಬ್ಬಿಸಿದರೂ ಮಂಕಾಗಿದ್ದರೆ ರಾತ್ರಿಯಾದರೂ ಕಾಯಬೇಡಿ ಎಂದರು. ನಮಗೆ ಅದು ಬರಲಿಲ್ಲ. ಗುರುವಾರ ಜ್ವರ ಬಿಟ್ಟಿತು, ಭಾನುವಾರದ ಹೊತ್ತಿಗೆ ಇಡ್ಲಿ ತಿಂದಳು.

ಇನ್ನು ಎಲ್ಲರೂ ಕೇಳುವ ಪ್ರಶ್ನೆ: ಎಷ್ಟು ದಿನ ಅಂಟುತ್ತದೆ? ಇದಕ್ಕೆ ಉತ್ತರ ಎರಡು. ಜೋರಾಗಿ ಹರಡುವುದು ಮೊದಲ ವಾರ, ಜೊಲ್ಲು, ಸಿಂಬಳ, ಗುಳ್ಳೆಯ ನೀರಿನಿಂದ. ಆದರೆ ವೈರಸ್ ಕಕ್ಕಸಿನಲ್ಲಿ ಇನ್ನೂ ಕೆಲವು ವಾರ ಹೋಗುತ್ತಲೇ ಇರುತ್ತದೆ, ಮಗು ಆರಾಮಾಗಿ ಓಡಾಡುತ್ತಿದ್ದರೂ. ಅಷ್ಟು ದಿನ ಮನೆಯಲ್ಲೇ ಇಟ್ಟುಕೊಳ್ಳಲು ಯಾರಿಗೂ ಆಗುವುದಿಲ್ಲ, ಡಾಕ್ಟರೂ ಹಾಗೆ ಹೇಳಲಿಲ್ಲ. ಔಷಧ ಇಲ್ಲದೆ 24 ಗಂಟೆ ಜ್ವರ ಇರಬಾರದು, ಜೊಲ್ಲು ನಿಂತಿರಬೇಕು, ಗುಳ್ಳೆ ಒಣಗಿರಬೇಕು, ಅಷ್ಟಾದರೆ ಕಳಿಸಿ ಎಂದರು. ಮುಂದಿನ ಬುಧವಾರ ಡೇಕೇರಿಗೆ ಕಳಿಸಿದೆವು. ಡಯಾಪರ್ ಬದಲಿಸುವ ಆಯಾಗೆ ಮೊದಲೇ ವಿಷಯ ಹೇಳಿದೆ, ಮುಚ್ಚಿಡಲಿಲ್ಲ.

ನಾವು ಎಡವಿದ್ದು ಇದರಲ್ಲೇ. ಡಯಾಪರ್ ಬದಲಿಸಿದ ಮೇಲೆ ನಮ್ಮೆಜಮಾನರು ಸ್ಯಾನಿಟೈಸರ್ ಹಾಕಿಕೊಳ್ಳುತ್ತಿದ್ದರು. ಈ ವೈರಸ್ಸಿಗೆ ಆಲ್ಕೋಹಾಲ್ ಅಷ್ಟಾಗಿ ತಾಕುವುದಿಲ್ಲ, ಸೋಪು ಹಚ್ಚಿ ಚೆನ್ನಾಗಿ ಉಜ್ಜಿ ತೊಳೆಯಬೇಕು. ಭಾನುವಾರ ಅವರಿಗೂ ಗಂಟಲು ನೋವು, ಅಂಗೈ ಉರಿ ಶುರುವಾಯಿತು. ಅಂಟಿದ ಮೇಲೆ ಮೂರರಿಂದ ಆರು ದಿನಕ್ಕೆ ಬರುತ್ತದೆ, ಲೆಕ್ಕ ಸರಿಹೋಯಿತು. ಅಂದಿನಿಂದ ಆಟಿಕೆಗಳನ್ನು ಸೋಪಿನ ನೀರಲ್ಲಿ ತೊಳೆದು, ಟವಲ್ಲು, ಲೋಟ ಬೇರೆ ಇಟ್ಟೆ. ಸೋಪಿನ ನಿಯಮ ಎರಡು ತಿಂಗಳು ನಡೆಸಿದೆ.

ಐದನೇ ವಾರ ಮಗಳ ಎರಡು ಬೆರಳಿನ ಉಗುರು ಬುಡದಿಂದ ಎದ್ದು ಬಂದವು. ಫೋಟೋ ಕಳಿಸಿದೆ. ಈ ಕಾಯಿಲೆಯ ನಂತರ ಕೆಲವು ಮಕ್ಕಳಿಗೆ ಹೀಗಾಗುತ್ತದೆ, ಕೀಳಬೇಡಿ, ಕೆಳಗಿನಿಂದ ಹೊಸದು ಬರುತ್ತದೆ ಎಂದು ಡಾಕ್ಟರು ಉತ್ತರಿಸಿದರು. ಬಂತು ಕೂಡ.